ಕಿಡಿ ತಡೆಯುವ ಜಾಲರಿ

ಆವತ್ತು ಬೆಳಿಗ್ಗೆ ಮಗುವಿನ ಎಡಗಣ್ಣು ತೆರೆಯಲೇ ಇಲ್ಲ. ರೆಪ್ಪೆ ಊದಿ ಕೆಂಪಗಾಗಿ, ಅಂಟಿಸಿಟ್ಟ ಹಾಗಿತ್ತು. ಹಣೆಯ ಮೇಲೆ ಎರಡು ದದ್ದು, ಕಿವಿಯ ಹಿಂದೊಂದು. ಎರಡು ತಿಂಗಳ ಕೂಸು ಆದ್ಯಾ, ತೆರೆದ ಒಂದೇ ಕಣ್ಣಿನಲ್ಲಿ ಅಜ್ಜಿಯನ್ನು ನೋಡಿ ನಕ್ಕಿತು. ಅನಸೂಯಮ್ಮನಿಗೆ ಆ ನಗು ನೋಡಿ ಸಿಟ್ಟು ಎದ್ದು ಬಂತು.

ಮಗಳು ಮಾಧುರಿಯ ಬಾಣಂತನಕ್ಕೆಂದು ತುಮಕೂರಿನಿಂದ ಮೆಲ್ಬೋರ್ನಿಗೆ ಬಂದವರು ಅವರು. ಪಾಯಿಂಟ್ ಕುಕ್‌ನಲ್ಲಿ ಮನೆ. ಬೀದಿ ದಾಟಿ ಸ್ವಲ್ಪ ನಡೆದರೆ ಜೌಗು, ಅದರಾಚೆ ಸಮುದ್ರ. ಮನೆ ನೋಡಲು ಲಕ್ಷಣವಾಗಿತ್ತು, ಆದರೆ ಮಲಗುವ ಕೋಣೆಗಳ ಕಿಟಕಿಗೆ ಒಂದಕ್ಕೂ ಜಾಲರಿ ಇರಲಿಲ್ಲ. ಇದ್ದ ಫ್ರೇಮುಗಳನ್ನು ಹಿಂದಿನ ಬಾಡಿಗೆಯವರು ಬಿಚ್ಚಿ ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟಿದ್ದರು. ಅವರ ಬೆಕ್ಕು ಪರಚಿ ಜಾಲರಿಯೆಲ್ಲ ಚಿಂದಿಯಾಗಿತ್ತು. ಹಗಲೆಲ್ಲ ಸುಡುವ ಗಾಳಿ, ಸಂಜೆಗೆ ಸಮುದ್ರದ ಕಡೆಯಿಂದ ತಂಪು. ಆ ತಂಪು ಬೇಕೆಂದು ಕಿಟಕಿ ತೆಗೆದರೆ ಸೊಳ್ಳೆ, ಸೊಳ್ಳೆ ಬೇಡವೆಂದು ಮುಚ್ಚಿದರೆ ಕೋಣೆ ಬಾಣಲೆ. ಎಸಿ ಹಾಲಿಗೆ ಮಾತ್ರ. ಮಗುವಿಗೆ ಮೂರು ತಿಂಗಳು ತುಂಬುವವರೆಗೆ ಸೊಳ್ಳೆಯ ಕ್ರೀಮು ಹಚ್ಚಲೇಬಾರದೆಂದು ನರ್ಸ್ ಹೇಳಿಬಿಟ್ಟಿದ್ದಳು. ಸಾಂಬ್ರಾಣಿ ಹಾಕೋಣವೆಂದು ಅನಸೂಯಮ್ಮ ಒಂದು ದಿನ ಕೆಂಡ ಮಾಡಿದರೆ, ಸೂರಿನಲ್ಲಿದ್ದ ಹೊಗೆಯ ಗಂಟೆ ಬೀದಿಗೆಲ್ಲ ಕೇಳುವ ಹಾಗೆ ಅರಚಿ, ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ತಲೆ ಹಾಕಿದ್ದ.

"ಲಕ್ಷ್ಮೀಶ ಅಂಕಲ್‌ಗೆ ಹೇಳಿದೀನಿ ಅತ್ತೆ. ಅವರೇ ಮೆಶ್ ತರ್ತಾರಂತೆ," ಎಂದ ಅಳಿಯ ಸುದರ್ಶನ್, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಹೋದ ತಿಂಗಳೂ ಇದೇ ಹೇಳಿದ್ರಿ."

"ಸಿಡ್ನಿಯಿಂದ ಬರ್ಬೇಕಲ್ಲ ಅತ್ತೆ."

ಲಕ್ಷ್ಮೀಶ ಈ ಮನೆಯ ಒಡೆಯ. ಮೈಸೂರಿನವರು, ಮೂವತ್ತು ವರ್ಷದ ಹಿಂದೆ ಬಂದು ನೆಲೆಯಾದ ಇಂಜಿನಿಯರು, ಈಗ ನಿವೃತ್ತರಾಗಿ ಸಿಡ್ನಿಯ ದಿ ಪಾಂಡ್ಸ್‌ನಲ್ಲಿದ್ದಾರೆ. ಏಜೆಂಟನಿಲ್ಲ, ಏನಿದ್ದರೂ ಫೋನಿನಲ್ಲೇ. ಸುದರ್ಶನ್ ಹೊಸದಾಗಿ ಬಂದಾಗ ಯಾವ ಮನೆ ನೋಡಲು ಹೋದರೂ ಬಾಗಿಲಲ್ಲಿ ಸಾಲು ನಿಂತಿರುತ್ತಿತ್ತಂತೆ. ಕನ್ನಡ ಸಂಘದಲ್ಲಿ ಯಾರೋ ಪರಿಚಯ ಮಾಡಿಸಿದ ಮೇಲೆ ಲಕ್ಷ್ಮೀಶ "ನಮ್ಮ ಹುಡುಗ" ಎಂದು ಬೀಗದ ಕೈ ಕೊಟ್ಟರು. ಆವತ್ತಿನಿಂದ ಸುದರ್ಶನ್‌ಗೆ ಅವರ ಮುಂದೆ ನಾಲಗೆ ಹೊರಳುವುದಿಲ್ಲ. ತಿಂಗಳು ತಪ್ಪದೆ ಬಾಡಿಗೆ ಕಟ್ಟುವವನು, ಬಿಟ್ಟಿ ಉಂಡವನ ಹಾಗೆ ಬಗ್ಗಿ ನಡೆಯುತ್ತಾನೆ.

"ಬರೆದು ಕೇಳೋಣ ಕಣೋ," ಎಂದಳು ಮಾಧುರಿ. "ಫ್ಲೈ ಸ್ಕ್ರೀನ್ ಹಾಕಿಸ್ಕೋತೀವಿ ಅಂತ ಟೆನೆಂಟ್ ಬರೆದು ಕೇಳಿದ್ರೆ, ಸರಿಯಾದ ಕಾರಣ ಇಲ್ದೆ ಬೇಡ ಅನ್ನೋ ಹಾಗಿಲ್ಲ ಇಲ್ಲಿ. ನಾವೇ ಹಾಕೋಣ."

"ಬರೆದು ಕೇಳೋದಾ? ಅಂಕಲ್ ಬೇಜಾರ್ ಮಾಡ್ಕೋತಾರೆ. ಕೋರ್ಟಿಗೆ ಹೋದ ಹಾಗಿರುತ್ತೆ."

ಅನಸೂಯಮ್ಮ ಕಾಯುವ ಜಾತಿಯವರು. ಇಸ್ಕೂಲಿನಲ್ಲಿ ಮೂರನೆಯ ಕ್ಲಾಸು ದಾಟದಿದ್ದರೂ, ಎಲ್ಲಿ ಮಾತಾಡಬೇಕು ಎಲ್ಲಿ ಬಾಯಿ ಹೊಲಿದುಕೊಂಡಿರಬೇಕು ಎಂಬುದು ಅವರಿಗೆ ಗೊತ್ತು. ಸೂಟ್‌ಕೇಸಿನ ತಳದಿಂದ ತಾವು ತಂದಿದ್ದ ನೈಲಾನ್ ಪರದೆ ತೆಗೆದರು. ಊರಿನಲ್ಲಿ ಮನೆಮನೆಗೂ ಇರುವಂಥದು: ಕಿಟಕಿಯ ಸುತ್ತ ಅಂಟುವ ಪಟ್ಟಿ, ಪರದೆಯ ಅಂಚಿಗೆ ಅದನ್ನು ಕಚ್ಚಿ ಹಿಡಿಯುವ ಇನ್ನೊಂದು ಪಟ್ಟಿ. ಒತ್ತಿದರೆ ಕೂರುತ್ತದೆ, ಎಳೆದರೆ ಚರ್ರೆಂದು ಬರುತ್ತದೆ. ತಂದದ್ದು ಒಂದು ಕಿಟಕಿಗಾಗುವಷ್ಟೇ. ಅದನ್ನು ಮಗುವಿನ ಕೋಣೆಗೆ ಹಾಕಿದರು.

ಸೊಳ್ಳೆ ನಿಂತಿತು. ಆದರೆ ಈ ದೇಶದ ಕಿಟಕಿಯ ಲೆಕ್ಕ ಬೇರೆ. ಗಾಜು ಕೆಳಗಿನಿಂದ ಹೊರಕ್ಕೆ ತಳ್ಳಿಕೊಳ್ಳುತ್ತದೆ, ತಳ್ಳುವ ಹಿಡಿ ಒಳಗೆ ದಂಡೆಯ ಮೇಲಿರುತ್ತದೆ. ಪರದೆ ಆ ಹಿಡಿಯನ್ನೂ ಮುಚ್ಚಿ ಕೂತಿತು. ಕಿಟಕಿ ತೆಗೆಯಲು ಒಂದು ಸಲ, ಮುಚ್ಚಲು ಒಂದು ಸಲ ಚರ್ರೆಂದು ಎಳೆಯಬೇಕು. ದಿನಾ ಎಳೆದೂ ಎಳೆದೂ ಅಂಟಿನ ಪಟ್ಟಿಯೇ ಎದ್ದು ಬಂತು, ಜೊತೆಗೆ ಚೌಕಟ್ಟಿನ ಬಿಳಿ ಬಣ್ಣವೂ ಅಂಗೈಯಗಲ ಕಿತ್ತು ಬಂತು. ಮೇಲಾಗಿ ಆ ನೈಲಾನಿನ ಕಣ್ಣು ತೀರಾ ಸಣ್ಣದು. ಗಾಳಿ ಬರುತ್ತಿತ್ತು, ಆದರೆ ಸೋಸಿ ಸೋಸಿ. ಅನಸೂಯಮ್ಮ ಬಣ್ಣ ಕಿತ್ತ ಜಾಗವನ್ನು ಬೆರಳಿನಿಂದ ಸವರಿ, "ಬಣ್ಣ ಬಳಿದ್ರೆ ಸರಿಹೋಗುತ್ತೆ," ಎಂದುಕೊಂಡು ಮತ್ತೆ ಒತ್ತಿ ಕೂರಿಸಿದರು.

ನವೆಂಬರ್ ಕೊನೆಗೆ ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಲಕ್ಷ್ಮೀಶ ಹೆಂಡತಿ ಚಿತ್ರಾ ಜೊತೆ ಕಾರಿನಲ್ಲಿ ಬಂದರು. ಹೋಟೆಲಿಲ್ಲ, ನೆಂಟರ ಮನೆಯಿಲ್ಲ. "ನಮ್ಮ ಮನೆ ಇರೋವಾಗ ಹೋಟೆಲ್ ಯಾಕೆ?" ಎಂದು ಫೋನಿನಲ್ಲೇ ಅಂದಿದ್ದರು. ನಮ್ಮ ಮನೆ. ಸುದರ್ಶನ್ ಎರಡು ದಿನ ಮೊದಲೇ ಹುಲ್ಲು ಕತ್ತರಿಸಿದ, ಕಾರ್ಪೆಟ್ ತಿಕ್ಕಿದ. ಅನಸೂಯಮ್ಮ ಒಬ್ಬಟ್ಟು ಮಾಡಿದರು. ಮೊಮ್ಮಗಳ ಕಿಟಕಿಗೆ ಜಾಲರಿ ಬರುವುದಾದರೆ ಒಬ್ಬಟ್ಟೇನು ದೊಡ್ಡದು ಎಂದುಕೊಂಡರು.

ಕಾರಿನ ಹಿಂದಿನಿಂದ ಲಕ್ಷ್ಮೀಶ ಒಂದು ಸುರುಳಿ ಇಳಿಸಿದರು. ಥಳಥಳ ಹೊಳೆಯುವ ಉಕ್ಕಿನ ಜಾಲರಿ.

"ನೋಡಪ್ಪ ಸುದರ್ಶನ್. ಸ್ಟೇನ್‌ಲೆಸ್ ಸ್ಟೀಲ್. ಅಂಗಡೀಲಿ ಸಿಗೋ ಫೈಬರ್‌ಗ್ಲಾಸ್ ಎಲ್ಲ ಬೆಕ್ಕು ಉಗುರು ಹಾಕಿದ್ರೆ ಹೋಯ್ತು. ಇದು ನಿನ್ನ ಮಗಳ ಮದುವೆವರೆಗೂ ಇರುತ್ತೆ."

ಶರಟಿನ ತೋಳು ಮಡಿಸಿ ಅವರೇ ಗ್ಯಾರೇಜಿಗೆ ಇಳಿದರು. ಕೆಲಸ ಬಲ್ಲವರೇ, ಅದರಲ್ಲಿ ಸುಳ್ಳಿಲ್ಲ. ಹಳೆಯ ಫ್ರೇಮು ಮಲಗಿಸಿ, ಸುತ್ತಲಿನ ತೋಡಿನಿಂದ ರಬ್ಬರ್ ದಾರ ಎಳೆದು, ಚಿಂದಿ ಜಾಲರಿ ಕಿತ್ತರು. ಹೊಸದನ್ನು ಹಾಸಿ, ಪುಟ್ಟ ಗಾಲಿ ಇರುವ ಹಿಡಿಯಿಂದ ದಾರವನ್ನು ಮತ್ತೆ ತೋಡಿಗೆ ಒತ್ತಿದರು. ಉಕ್ಕು ಬಿರುಸಾದ್ದರಿಂದ ದಾರ ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. "ಹಿಡ್ಕೊಳ್ಳೋ ಸರಿಯಾಗಿ, ಐಟಿಯವರ ಕೈಯೇ ಇಷ್ಟು," ಎಂದು ಬೈಸಿಕೊಳ್ಳುತ್ತ ಸುದರ್ಶನ್ ಎರಡು ಬೆರಳು ಕುಯ್ದುಕೊಂಡ. ಅಂತೂ ಮಧ್ಯಾಹ್ನದ ಹೊತ್ತಿಗೆ ಮುಂದಿನ ಕೋಣೆಗೂ ನಡುವಿನ ಕೋಣೆಗೂ ಜಾಲರಿ ಕೂತಿತು. ಮಗುವಿನ ಕೋಣೆಯ ಫ್ರೇಮು ಮಾತ್ರ ಸೊಟ್ಟಗಾಗಿತ್ತು.

"ಇದು ಮುಂದಿನ ಸಲ," ಎಂದು ಅದನ್ನು ಬದಿಗಿಟ್ಟು, ಕಿಟಕಿ ನೋಡಲು ಒಳಗೆ ಹೋದ ಲಕ್ಷ್ಮೀಶ ಅಲ್ಲೇ ನಿಂತರು. "ಏನಿದು ಸುದರ್ಶನ್? ಪೇಂಟ್ ಎಲ್ಲ ಕಿತ್ತಿದೆ. ಯಾರು ಅಂಟಿಸಿದ್ದು ಈ ಬಟ್ಟೇನ?"

"ಸಾರಿ ಅಂಕಲ್. ಟೆಂಪರರಿ..."

"ಹೇಳ್ದೆ ಕೇಳ್ದೆ ಅಂಟಿಸೋದಾ? ಏನಪ್ಪ, ಇದು ಬೆಂಗಳೂರಿನ ವಠಾರ ಅಲ್ಲ. ಬೇರೆ ಲ್ಯಾಂಡ್‌ಲಾರ್ಡ್ ಆಗಿದ್ರೆ ಬಾಂಡ್ ಅಡ್ವಾನ್ಸೇ ವಾಪಸ್ ಕೊಡ್ತಿರ್ಲಿಲ್ಲ."

ಸುದರ್ಶನ್ ಇನ್ನೆರಡು ಸಲ ಸಾರಿ ಎಂದ. ಅನಸೂಯಮ್ಮನಿಗೆ ಅಂಟಿಸಿದ್ದು ತಾನು ಎಂದು ಹೇಳಬೇಕೆನಿಸಿತು. ಅಳಿಯ ಕಣ್ಣಿನಲ್ಲೇ ಬೇಡವೆಂದು ಬೇಡಿಕೊಂಡ. ಅವರು ಎಲೆ ಹಾಕಲು ಹೋದರು.

ಊಟಕ್ಕೆ ಕೂತಾಗ ಲಕ್ಷ್ಮೀಶರಿಗೆ ಮಾತು ಬಂತು. ಸಿಡ್ನಿಯಾಚೆ ಬೆಟ್ಟದ ತಪ್ಪಲಲ್ಲಿ ಅವರದಿನ್ನೊಂದು ಮನೆಯಿದೆಯಂತೆ. ಕಾಡಿಗೆ ಬೆಂಕಿ ಬೀಳುವ ಜಾಗ, ಅಲ್ಲಿ ಕಿಟಕಿಗೆಲ್ಲ ಉಕ್ಕಿನ ಜಾಲರಿಯೇ ಹಾಕಬೇಕೆಂಬ ನಿಯಮ. "ಕಿಡಿ ಒಳಗೆ ಹಾರಬಾರದು ನೋಡಿ. ಎರಡು ಮಿಲಿಮೀಟರ್‌ಗಿಂತ ದೊಡ್ಡ ತೂತು ಇರೋ ಹಾಗಿಲ್ಲ. ಅದರಲ್ಲಿ ಉಳಿದಿದ್ದು ಇದು. ಇನ್ನೊಂದು ಒಬ್ಬಟ್ಟು ಹಾಕಿ ಅನಸೂಯಮ್ಮ, ನಿಮ್ಮ ಕೈ ಚೆನ್ನಾಗಿದೆ."

ಮಾಧುರಿ ಮಗುವನ್ನು ಭುಜದ ಮೇಲೆ ಹಾಕಿಕೊಂಡು ನಿಂತಿದ್ದವಳು ತಟ್ಟನೆ ತಿರುಗಿದಳು. "ಎರಡು ಮಿಲಿಮೀಟರಾ ಅಂಕಲ್? ಸೊಳ್ಳೆಗೆ ಸುಮಾರು ಒಂದೂಕಾಲು ಮಿಲಿಮೀಟರ್ ಒಳಗಿರ್ಬೇಕು. ಅಂಗಡೀಲಿ ಹದಿನೆಂಟು ಹದಿನಾರು ಅಂತ ಸಿಗುತ್ತಲ್ಲ, ಇಂಚಿಗೆ ಆ ಕಡೆ ಹದಿನೆಂಟು ಎಳೆ, ಈ ಕಡೆ ಹದಿನಾರು. ಅದು ಬೇಕಿತ್ತು. ಇದರಲ್ಲಿ ಸೊಳ್ಳೆ ತೂರಿ ಬರುತ್ತೆ."

"ಸೊಳ್ಳೆ ಏನಮ್ಮ, ಸ್ಕೇಲ್ ಹಿಡ್ಕೊಂಡು ಬರುತ್ತಾ?" ಲಕ್ಷ್ಮೀಶ ನಕ್ಕರು. "ರೆಕ್ಕೆ ಅಗಲ ನೋಡಿದೀಯಾ? ಇದಕ್ಕೇ ಬಡ್ಕೊಂಡು ವಾಪಸ್ ಹೋಗುತ್ತೆ."

"ರೆಕ್ಕೆ ಮಡಚಿ ನಡ್ಕೊಂಡು ಬರುತ್ತೆ ಅಂಕಲ್."

"ಹಾಗಾದ್ರೆ ತೊಟ್ಟಿಲಿಗೊಂದು ನೆಟ್ ಹಾಕು."

"ಹಾಲು ಕುಡ್ಸೋದು, ಎಣ್ಣೆ ಒತ್ತೋದು, ಎತ್ಕೊಂಡು ಓಡಾಡೋದು, ಎಲ್ಲ ತೊಟ್ಟಿಲೊಳಗೇನಾ?"

"ಮಾಧುರಿ," ಎಂದ ಸುದರ್ಶನ್ ಮೆಲ್ಲಗೆ. ಅಷ್ಟೇ. ಆ ಒಂದು ಮಾತಿಗೆ ಮಗಳ ಮುಖ ಕಪ್ಪಿಟ್ಟದ್ದನ್ನು ಅನಸೂಯಮ್ಮ ನೋಡಿದರು. ಬಡಿಸುತ್ತಿದ್ದ ತುಪ್ಪದ ಮಿಳ್ಳಿಯನ್ನು ಅಳಿಯನ ಎಲೆಗೆ ಬಗ್ಗಿಸದೆ ಮುಂದೆ ಹೋದರು.

ಸಂಜೆ ಕಾರ್ಯಕ್ರಮ ಮುಗಿಸಿ ಬಂದರು. ಸೆಖೆ ಇನ್ನೂ ಇಳಿದಿರಲಿಲ್ಲ. ನೆಂಟರಿಗೆಂದು ನಡುವಿನ ಕೋಣೆಯಲ್ಲಿ ಹೊಸ ಹೊದಿಕೆ ಹಾಸಿಟ್ಟಿದ್ದರು. ಲಕ್ಷ್ಮೀಶ ಆ ಕೋಣೆಯ ಬಾಗಿಲಲ್ಲಿ ನಿಂತು ಕಿಟಕಿಯನ್ನೊಮ್ಮೆ ನೋಡಿದರು, ದೀಪದ ಸುತ್ತ ಸುಳಿಯುತ್ತಿದ್ದ ಸೊಳ್ಳೆಗಳನ್ನು ನೋಡಿದರು, ಮತ್ತೆ ಹೊರಗೆ ಬಂದರು.

"ಸುದರ್ಶನ್, ಒಂದು ಕೆಲಸ ಮಾಡೋಣ. ನಾವು ಆ ಹಿಂದಿನ ರೂಮಲ್ಲಿ ಮಲಗ್ತೀವಿ. ನಂಗೆ ಸೊಳ್ಳೆ ಕಚ್ಚಿದ್ರೆ ಮೈಯೆಲ್ಲ ದದ್ದು ಏಳುತ್ತೆ. ಚಿತ್ರಾಗೂ ನಿದ್ದೆ ಬರಲ್ಲ."

ಹಿಂದಿನ ರೂಮೆಂದರೆ ಮಗುವಿನ ಕೋಣೆ. ನೈಲಾನ್ ಪರದೆ ಇದ್ದದ್ದು ಅದೊಂದಕ್ಕೇ.

ಅನಸೂಯಮ್ಮ ಅಳಿಯನ ಕಡೆ ನೋಡಿದರು. ಬೇಡ ಎನ್ನುತ್ತಾನೆ ಎಂದು ಕಾದರು. ಇಷ್ಟಕ್ಕಾದರೂ ಬೇಡ ಎನ್ನುತ್ತಾನೆ.

"ಆಗ್ಲಿ ಅಂಕಲ್. ತೊಟ್ಟಿಲು ಮುಂದಿನ ರೂಮಿಗೆ ತರ್ತೀನಿ," ಎಂದ ಸುದರ್ಶನ್. "ಅಲ್ಲೂ ಮೆಶ್ ಆಯ್ತಲ್ಲ."

"ಮಗು ರೂಮು, ರೀ..." ಎಂದರು ಚಿತ್ರಾ ಗಂಡನಿಗೆ. "ಒಂದು ರಾತ್ರಿ ತಾನೆ," ಎಂದರು ಅವರು. ಬಾಗಿಲು ಹಾಕಿಕೊಂಡಿತು.

ಬೆಳಗಾಗುವ ಹೊತ್ತಿಗೆ ಆದ್ಯಾಳ ಎರಡು ಕಣ್ಣೂ ಮುಚ್ಚಿಹೋಗಿದ್ದವು. ಮೇಲ್ತುಟಿ ಊದಿ, ಹಾಲಿಗೆ ಬಾಯಿ ಹಚ್ಚಿದರೆ ಹಿಡಿಯಲಾಗದೆ ಬಿಟ್ಟು ಬಿಟ್ಟು ಅಳುತ್ತಿತ್ತು. ಮಾಧುರಿ ಅಳುತ್ತಿರಲಿಲ್ಲ. ಗಂಡನ ಕಡೆ ನೋಡುತ್ತಲೂ ಇರಲಿಲ್ಲ. ಕಿಟಕಿಯ ಹೊಳೆಯುವ ಉಕ್ಕಿನ ಮೇಲೆ ಒಳಭಾಗದಲ್ಲೇ ರಕ್ತ ಕುಡಿದು ಹೊಟ್ಟೆ ಕೆಂಪಾದ ಸೊಳ್ಳೆಗಳು ಕೂತಿದ್ದವು, ಹೊಟ್ಟೆ ತುಂಬಿದ್ದರಿಂದ ಬಂದ ದಾರಿಯಲ್ಲಿ ಹೋಗಲಾರದೆ. ಅನಸೂಯಮ್ಮ ಅಂಗೈ ಬಡಿದರು. ಅಂಗೈಯಲ್ಲಿ ಅಂಟಿದ್ದು ಮೊಮ್ಮಗಳ ರಕ್ತ.

ಆ ಕೈಯನ್ನು ಅವರು ತೊಳೆಯಲಿಲ್ಲ.

ಲಕ್ಷ್ಮೀಶ ಮೈ ಮುರಿಯುತ್ತ ಹಾಲಿಗೆ ಬಂದು ಕುರ್ಚಿ ಎಳೆದುಕೊಂಡರು. "ಒಳ್ಳೆ ನಿದ್ದೆ ಬಂತು. ಏನು ತಿಂಡಿ ಅನಸೂಯಮ್ಮ?"

ಅನಸೂಯಮ್ಮ ಎದುರಿಗೆ ಬಂದು ನಿಂತು ಅಂಗೈ ತೋರಿಸಿದರು.

"ಇದು ತಿಂಡಿ."

"ಏನಿದು?"

"ನೀವು ಹಾಕಿದ ಜಾಲರಿಯಿಂದ ಬಂದದ್ದು. ಯಾರ ರಕ್ತ ಅಂತ ಒಳಗೆ ಹೋಗಿ ನೋಡ್ಬನ್ನಿ."

"ಅಮ್ಮ, ಒಂದೆರಡು ಸೊಳ್ಳೆ..."

"ಕೂತ್ಕೊಳಿ ಸ್ವಾಮಿ, ಇನ್ನೂ ಮುಗಿದಿಲ್ಲ." ಅವರ ದನಿ ಏರಲಿಲ್ಲ. ಏರದಿದ್ದುದಕ್ಕೇ ಸುದರ್ಶನ್ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತ. "ನಿಮಗೆ ತಿಳೀದೆ ಹಾಕಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ. ತಪ್ಪು ಯಾರು ಮಾಡಲ್ಲ? ಆ ಬಣ್ಣ ಕಿತ್ತಿದ್ದೂ ನಾನೇ, ಈ ಹುಡುಗ ಅಲ್ಲ. ಆದ್ರೆ ನಿಮಗೆ ತಿಳಿದಿತ್ತು. ನಿಮ್ಮ ಉಕ್ಕಿನ ಜಾಲರಿ ಇರೋ ಕೋಣೆ ಬಿಟ್ಟು, ನೀವು ಬೈದ ಬಟ್ಟೆ ಇರೋ ಕೋಣೆ ಕೇಳಿದ್ರಿ. ನಿಮ್ಮ ಚರ್ಮಕ್ಕೆ ಒಂದು ಅಳತೆ, ಕೂಸಿನ ಚರ್ಮಕ್ಕೆ ಒಂದು ಅಳತೆ. ಬೆಟ್ಟದ ಮನೇಲಿ ಮಿಕ್ಕಿದ್ದನ್ನ ತಂದು ಇಲ್ಲಿ ತುರುಕಿ, ನಮ್ಮೋರು ಅಂತೀರಿ. ಕಿಡಿ ಹಾರಲ್ಲ ಇಲ್ಲಿ. ಇಲ್ಲಿರೋದು ಸೊಳ್ಳೆ."

ಲಕ್ಷ್ಮೀಶರ ಮುಖ ಕೆಂಪಾಯಿತು. "ಸುದರ್ಶನ್, ಏನಪ್ಪ ಇದು? ನಿನಗೆ ಮನೆ ಸಿಗದೆ ಅಲೀತಿದ್ದಾಗ ಕೊಟ್ಟೋನು ನಾನು. ನಿಮ್ಮತ್ತೆ ಕೈಲಿ ಹೀಗೆ ಅನ್ನಿಸ್ತೀಯಾ?"

ಎಲ್ಲರೂ ಸುದರ್ಶನ್‌ನನ್ನು ನೋಡಿದರು. ಆಗ ಮಾಧುರಿ ಮಗುವನ್ನು ಎತ್ತಿಕೊಂಡು ಬಂದು ಅವನ ತೋಳಿನಲ್ಲಿಟ್ಟು, ಒಳಗೆ ಹೋದಳು. ಕಣ್ಣು ಮುಚ್ಚಿದ್ದ ಆದ್ಯಾ ವಾಸನೆ ಹಿಡಿದು ಅಪ್ಪನ ಎದೆಗೆ ತಲೆ ಒತ್ತಿತು. ಅವನು ಆ ಮುಖವನ್ನೇ ನೋಡಿದ. ತಾನೇ ತೊಟ್ಟಿಲು ಹೊತ್ತು ಆ ಕೋಣೆಗೆ ಹಾಕಿದ್ದನಲ್ಲ.

"ಅಂಕಲ್," ಎಂದ ಕೊನೆಗೆ, "ನಾನು ಆ ಮೆಶ್ ತೆಗೀತೀನಿ."

"ತೆಗಿ. ಆಮೇಲೆ ನನ್ನ ಪರ್ಮಿಶನ್ ಇಲ್ದೆ ಒಂದು ಮೊಳೆ ಹೊಡೆದ್ರೂ ಚೆನ್ನಾಗಿರಲ್ಲ."

"ಬರೆದು ಕಳಿಸ್ತೀನಿ. ಬೇಡ ಅನ್ನೋದಾದ್ರೆ ಯಾಕೆ ಬೇಡ ಅಂತ ನೀವೂ ಬರೆದು ಹೇಳಿ. ಪೇಂಟ್ ನಾನೇ ಸರಿ ಮಾಡ್ತೀನಿ."

ಲಕ್ಷ್ಮೀಶ ತಿಂಡಿ ತಿನ್ನದೆ ಎದ್ದರು. ಚಿತ್ರಾ ಹೊರಡುವ ಮೊದಲು ಮಗುವಿನ ಹತ್ತಿರ ಬಂದು, ಮುಖ ನೋಡಿ, ತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಕುಂಕುಮ ಕೊಡದೆ ಮನೆಗೆ ಬಂದ ಹೆಂಗಸನ್ನು ಕಳಿಸಿದವರಲ್ಲ ಅನಸೂಯಮ್ಮ. ಆವತ್ತೂ ಕೊಟ್ಟರು, ಎಡಗೈಯಲ್ಲಿ ಬಟ್ಟಲು ಹಿಡಿದು ಬಲಗೈಯ ಬೆರಳ ತುದಿಯಿಂದ. ಮಾತು ಮಾತ್ರ ಕೊಡಲಿಲ್ಲ.

ಡಾಕ್ಟರಿಗೆ ತೋರಿಸಿ ಬಂದ ಮೇಲೆ ಸುದರ್ಶನ್ ಲಕ್ಷ್ಮೀಶರಿಗೆ ಬರೆದು ಕಳಿಸಿದ. ಉತ್ತರ ಬರುವುದರೊಳಗೆ ಮಗುವಿನ ತೊಟ್ಟಿಲು ಮತ್ತೆ ಹಿಂದಿನ ಕೋಣೆ ಸೇರಿತು. ಮೂರನೆಯ ದಿನ ಒಂದೇ ಸಾಲು ಬಂತು: ನಿನ್ನಿಷ್ಟ, ಹೋಗುವಾಗ ಇದ್ದ ಹಾಗೆ ಮಾಡಿ ಹೋಗು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸುದರ್ಶನ್ ಎಲ್ಲಕ್ಕಿಂತ ಸಣ್ಣ ಕಣ್ಣಿನ ಸುರುಳಿಯನ್ನೇ ಎತ್ತಿಕೊಂಡ. ಕಣ್ಣಿಗೆ ಕಾಣದ ಗುಂಗುರು ಹುಳಕ್ಕೂ ತಡೆಯಾಗುವಂಥದು.

"ಅದು ಬೇಡ," ಎಂದಳು ಮಾಧುರಿ. ನಾಲ್ಕು ದಿನದಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು. "ಅಮ್ಮನ ನೈಲಾನ್ ಹಾಗೇ ಗಾಳಿ ನಿಲ್ಲುತ್ತೆ. ಆಮೇಲೆ ಸೆಖೆಗೆ ಕಿಟಕಿ ಜೊತೆ ಅದನ್ನೂ ತೆಗೀಬೇಕು ಅಂತೀಯ. ಹದಿನೆಂಟು ಹದಿನಾರು ತಗೋ."

ಅನಸೂಯಮ್ಮ ಸುರುಳಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಚೆ ಕಾಣುತ್ತಿತ್ತು, ಉಸಿರು ಊದಿದರೆ ದಾಟುತ್ತಿತ್ತು. ತಲೆಯಾಡಿಸಿದರು.

ಮುಂದಿನ ಕೋಣೆಯ ಫ್ರೇಮನ್ನು ಗ್ಯಾರೇಜಿನಲ್ಲಿ ಹಾಸಿ ಉಕ್ಕನ್ನು ಕಿತ್ತರು. ಫೈಬರ್‌ಗ್ಲಾಸ್ ಬಟ್ಟೆಯ ಹಾಗೆ ಮಾತು ಕೇಳಿತು, ದಾರ ತೋಡಿನಲ್ಲಿ ಸರಿಯಾಗಿ ಕೂತಿತು. ತೀರಾ ಬಿಗಿ ಎಳೆದರೆ ಫ್ರೇಮು ನಡುವಿಗೆ ಬಾಗುತ್ತದೆಂದು ಒಮ್ಮೆ ಬಗ್ಗಿಸಿ, ಸಡಿಲಿಸಿ ಕಲಿತರು. ಮಗುವಿನ ಕೋಣೆಯ ಸೊಟ್ಟ ಫ್ರೇಮಿಗೆ ಬದಲಾಗಿ, ಕಿಟಕಿಯ ಹಿಡಿಗೆ ಕೆಳಗೆ ಕಚ್ಚು ಬಿಟ್ಟ ಹೊಸದನ್ನು ಅಂಗಡಿಯಲ್ಲಿ ಅಳತೆಗೆ ಮಾಡಿಸಿದರು. ಇನ್ನು ಕಿಟಕಿ ತೆಗೆಯಲು ಯಾವುದನ್ನೂ ಕೀಳಬೇಕಿಲ್ಲ. ಕಚ್ಚಿನ ಸುತ್ತ ಉಳಿದ ಸಂದಿಗೂ, ಹಿತ್ತಿಲ ಸರಿಯುವ ಬಾಗಿಲಿನ ಅಡಿಗೂ ಬ್ರಶ್ಶಿನ ಹಾಗಿರುವ ಕುಚ್ಚಿನ ಪಟ್ಟಿ ಹಾಕಿದರು. ಹಿತ್ತಿಲ ಬಾಗಿಲಿನ ಜಾಲರಿಯ ಹರಿದ ಮೂಲೆಯನ್ನು ಅನಸೂಯಮ್ಮನೇ ಮೊದಲು ತೋರಿಸಿದರು. "ಇದನ್ನ ಬಿಟ್ರೆ ಉಳಿದದ್ದೆಲ್ಲ ಮಾಡಿದ್ದು ಯಾಕೆ?" ಎಂದರು ಅಳಿಯನಿಗೆ. ಅವನು ಅದನ್ನೂ ಬಿಚ್ಚಿದ. ಅವರು ಅವನಿಗೆ ಇನ್ನೂ ಕಾಫಿ ತಾವಾಗಿ ಕೊಡುತ್ತಿರಲಿಲ್ಲ; ಅವನೇ ಬಂದು ಕೇಳಬೇಕಿತ್ತು.

ನಡುವಿನ ಕೋಣೆಯ ಫ್ರೇಮು ಬಿಚ್ಚಲು ಹೋದಾಗ ಅನಸೂಯಮ್ಮ ಕೈ ಅಡ್ಡ ಹಿಡಿದರು.

"ಅದು ಇರ್ಲಿ ಬಿಡಿ."

"ಯಾಕತ್ತೆ? ಮೆಶ್ ಉಳಿದಿದೆಯಲ್ಲ."

"ಆ ಕಿಟಕಿ ಮುಚ್ಚಿಡಿ. ಅಲ್ಲಿ ಯಾರೂ ಮಲಗಲ್ಲ."

ಮುಂದಿನ ವಾರ ಲಕ್ಷ್ಮೀಶರ ಫೋನು ಬಂತು. ಸುದರ್ಶನ್ ಸ್ಪೀಕರಿಗೆ ಹಾಕಿದ. ಜನವರಿಯಲ್ಲಿ ಮೆಲ್ಬೋರ್ನಿನಲ್ಲಿ ಒಂದು ಮದುವೆಯಿದೆ, ಎರಡು ದಿನ ಬರುತ್ತೇವೆ, ಆದದ್ದು ಆಯಿತು, ದೊಡ್ಡವರು ಸಿಟ್ಟಿನಲ್ಲಿ ಏನೋ ಅಂದರು, ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ ಎಂದರು. ಸುದರ್ಶನ್ ಅತ್ತೆಯ ಕಡೆ ನೋಡಿದ. ಅವರು ಮಗುವಿನ ಕಾಲಿಗೆ ಎಣ್ಣೆ ಒತ್ತುತ್ತಿದ್ದರು, ತೆರೆದ ಕಿಟಕಿಯ ಕೆಳಗೆ.

"ಬರ್ಲಿ," ಎಂದರು ಅನಸೂಯಮ್ಮ, ಫೋನಿಗೆ ಕೇಳುವ ಹಾಗೆ. "ಊಟ ಹಾಕ್ತೀನಿ, ಒಬ್ಬಟ್ಟೂ ಮಾಡ್ತೀನಿ. ಮಲಗೋಕೆ ನಡುವಿನ ಕೋಣೆ. ಅವರ ಸ್ಟೀಲ್ ಅಲ್ಲೇ ಇದೆ, ಮುಟ್ಟಿಲ್ಲ."

"ಹೋಟೆಲ್ ನೋಡ್ತೀವಿ ಬಿಡಿ," ಎಂದರು ಲಕ್ಷ್ಮೀಶ. ಫೋನು ಕಟ್ಟಾಯಿತು.

ಸುದರ್ಶನ್‌ಗೆ ನಗು ಬಂತು, ಆದರೆ ಅತ್ತೆಯ ಮುಖ ನೋಡಿ ನುಂಗಿದ. ಅನಸೂಯಮ್ಮ ನಗುತ್ತಿರಲಿಲ್ಲ. ಮಗುವಿನ ರೆಪ್ಪೆಯ ಮೇಲೆ ಉಳಿದ ಕಪ್ಪು ಕಲೆಗೆ ಎಣ್ಣೆಯ ಬೆರಳು ತಾಗದಂತೆ, ಸುತ್ತ ಸವರುತ್ತಿದ್ದರು.